ರೆಸ್ಯೂಮೆ ಸಲಹೆಯ ಏಳು ಸ್ಲೈಡ್: ಪ್ರಾಜೆಕ್ಟ್ ಸಾಲು ಮೊದಲು, ಫಾಂಟ್ ಕೊನೆಗೆ

ಫ್ರೆಶರ್‌ಗಳಿಗೆ ರೆಸ್ಯೂಮೆ ಸಲಹೆ ಕೊಡುವ ಕ್ಯಾರೌಸೆಲ್‌ಗಳು ಲಿಂಕ್ಡ್‌ಇನ್‌ನಲ್ಲೂ ಇನ್‌ಸ್ಟಾಗ್ರಾಮ್‌ನಲ್ಲೂ ಬೇಕಾದಷ್ಟಿವೆ. ಹೆಚ್ಚಿನವು ಒಂದೇ ಅಚ್ಚಿನವು. ಮೊದಲ ಸ್ಲೈಡಿನಲ್ಲಿ ‘ಒಂದೇ ಪುಟ ಇರಲಿ’, ಎರಡನೆಯದರಲ್ಲಿ ‘ನೀಟಾದ ಫಾಂಟ್ ಬಳಸಿ’, ಎಂಟನೆಯದರ ಮೂಲೆಯಲ್ಲೆಲ್ಲೋ ‘ಪ್ರಾಜೆಕ್ಟ್ ಚೆನ್ನಾಗಿ ವಿವರಿಸಿ’. ಹೇಳಿದ್ದೇನೂ ಸುಳ್ಳಲ್ಲ, ಹೇಳಿದ ಸರದಿ ತಪ್ಪು. ಸ್ಲೈಡ್ ಸರಿಸುವ ಬೆರಳು ಮೂರನೆಯದಕ್ಕೋ ನಾಲ್ಕನೆಯದಕ್ಕೋ ನಿಂತುಹೋಗುತ್ತದೆ. ಅಷ್ಟರೊಳಗೆ ಕಂಡದ್ದನ್ನೇ ಓದುಗರು ಮಾಡುತ್ತಾರೆ. ಶನಿವಾರವಿಡೀ ಟೆಂಪ್ಲೇಟ್ ಹುಡುಕಿ, ಬಣ್ಣ ಬದಲಿಸಿ, ಪ್ರಾಜೆಕ್ಟಿನ ಸಾಲನ್ನು ಮಾತ್ರ ಕಾಲೇಜು ರಿಪೋರ್ಟಿನಿಂದ ಎತ್ತಿ ಅಂಟಿಸುತ್ತಾರೆ.

ಸರದಿ ಗೊತ್ತುಮಾಡಲು ಪ್ರತಿ ಸಲಹೆಗೂ ಮೂರು ಪ್ರಶ್ನೆ ಹಾಕಬೇಕು. ಇದು ತಪ್ಪಿದರೆ ಎಷ್ಟು ನಷ್ಟ? ಎಷ್ಟು ಮಂದಿ ಇದನ್ನು ತಪ್ಪು ಮಾಡುತ್ತಾರೆ? ಈಗ ಕೂತು ಸರಿಪಡಿಸಲು ಆಗುತ್ತದೆಯೆ? ಅಂಕಗಳ ತೂಕ ದೊಡ್ಡದು, ಆದರೆ ಡಿಗ್ರಿ ಮುಗಿದ ಮೇಲೆ ಅದನ್ನು ಬದಲಿಸಲಾಗದು. ಫಾಂಟ್ ಬದಲಿಸುವುದು ಸುಲಭ, ಅದರಿಂದ ಸಿಗುವುದು ಅತ್ಯಲ್ಪ. ಮೂರೂ ಪ್ರಶ್ನೆಗೆ ದೊಡ್ಡ ಉತ್ತರ ಬರುವ ಜಾಗ ಒಂದೇ, ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಬಗ್ಗೆ ಬರೆಯುವ ನಾಲ್ಕಾರು ಸಾಲು. ರೆಸ್ಯೂಮೆಗೆ ಐದು ಗಂಟೆ ಇದ್ದರೆ ಮೂರು ಗಂಟೆ ಅಲ್ಲಿಗೇ ಹೋಗಲಿ. ಈ ಲೆಕ್ಕದಲ್ಲಿ ಏಳು ಸ್ಲೈಡುಗಳ ಸರದಿ ಹೀಗೆ.

ಸ್ಲೈಡ್ 1: ನಿಮ್ಮ ಕೈಯಿಂದ ಆದದ್ದನ್ನು ಬರೆಯಿರಿ

ಇಲೆಕ್ಟ್ರಾನಿಕ್ಸ್ ಓದಿದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಕೊನೆಯ ವರ್ಷ ನಾಲ್ವರ ತಂಡ, ಪ್ರಾಜೆಕ್ಟ್ ‘ಸ್ಮಾರ್ಟ್ ನೀರಾವರಿ’. ಮಣ್ಣಿನ ತೇವ ಅಳೆಯುವ ಸೆನ್ಸರ್, ಒಂದು ಇಎಸ್‌ಪಿ32 ಬೋರ್ಡು, ರಿಲೇ, 12 ವೋಲ್ಟಿನ ಪುಟ್ಟ ಪಂಪು, ಮೊಬೈಲಿನಲ್ಲಿ ನೋಡಲು ಒಂದು ಡ್ಯಾಶ್‌ಬೋರ್ಡು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಮಾಡದ ಬ್ಯಾಚು ಸಿಗುವುದು ಕಷ್ಟ. ಆಕೆಯ ರೆಸ್ಯೂಮೆಯಲ್ಲಿ ಇದ್ದ ಸಾಲು ಹೀಗಿತ್ತು ಎನ್ನಿ (ರೆಸ್ಯೂಮೆ ಇಂಗ್ಲಿಷಿನಲ್ಲೇ ಇರುತ್ತದೆ, ಇಲ್ಲಿ ಅರ್ಥ ಮಾತ್ರ ಕೊಟ್ಟಿದೆ):

‘ರೈತರಿಗೆ ನೆರವಾಗಲು ಐಒಟಿ ತಂತ್ರಜ್ಞಾನ ಬಳಸಿ ಸ್ಮಾರ್ಟ್ ನೀರಾವರಿ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಲಾಯಿತು. ಇದರಿಂದ ನೀರಿನ ಬಳಕೆ 40% ಕಡಿಮೆಯಾಯಿತು.’

ಈ ಸಾಲಿನಲ್ಲಿ ಮೂರು ದೋಷಗಳಿವೆ. ‘ಅಭಿವೃದ್ಧಿಪಡಿಸಲಾಯಿತು’ ಅಂದರೆ ಯಾರಿಂದ? ನಾಲ್ವರ ತಂಡದಲ್ಲಿ ಈಕೆಯ ಪಾಲು ಯಾವುದು ಎಂದು ಓದಿದವರಿಗೆ ತಿಳಿಯುವುದಿಲ್ಲ. ಎರಡನೆಯದಾಗಿ, ಇದೇ ಪ್ರಾಜೆಕ್ಟ್ ಮಾಡಿದ ಇನ್ನೂ ನೂರು ಮಂದಿ ಇದೇ ಸಾಲನ್ನು ಹಾಕಬಹುದು. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಆ 40%. ಸಂದರ್ಶನದಲ್ಲಿ ‘ಯಾವುದಕ್ಕೆ ಹೋಲಿಸಿ 40? ಎಷ್ಟು ದಿನ ಅಳೆದಿರಿ? ನೀರನ್ನು ಅಳೆದದ್ದು ಹೇಗೆ?’ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೇಲಿನ ಸಾಮಾನಿನ ಪಟ್ಟಿಯಲ್ಲಿ ಹರಿವು ಅಳೆಯುವ ಮೀಟರೇ ಇಲ್ಲ. ಒಂದು ಅಂಕಿ ಹುಸಿ ಎಂದು ಗೊತ್ತಾದ ಮೇಲೆ ಪುಟದಲ್ಲಿರುವ ನಿಜದ ಅಂಕಿಗಳ ಮೇಲೂ ಅನುಮಾನ ಬೀಳುತ್ತದೆ. ‘ರೆಸ್ಯೂಮೆಯಲ್ಲಿ ಅಂಕಿ ಇರಲಿ’ ಎಂಬ ಸಲಹೆಯನ್ನು ಅರ್ಧ ಕೇಳಿಸಿಕೊಂಡವರು ಮಾಡುವ ತಪ್ಪು ಇದು.

ಸರಿಯಾದ ಸಾಲು ತೆಗೆಯಲು ತಲೆ ಕೆರೆದುಕೊಳ್ಳುವ ಬದಲು ಹಳೆಯ ಸಾಕ್ಷಿಗಳನ್ನು ತೆರೆದಿಟ್ಟುಕೊಳ್ಳಿ. ತಂಡದ ವಾಟ್ಸ್ಆ್ಯಪ್ ಗುಂಪು, ಕೋಡಿನ ಹಳೆಯ ಪ್ರತಿಗಳು, ಸೆನ್ಸರ್ ದಾಖಲಿಸಿದ ಫೈಲು, ಗೈಡ್ ಕೆಂಪು ಪೆನ್ನಿನಲ್ಲಿ ಗೀಚಿದ ರಿಪೋರ್ಟು. ಆಮೇಲೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಾನೇ ಮಾಡಿದ್ದು ಯಾವ ಭಾಗ? ಎಷ್ಟು ಅಥವಾ ಎಷ್ಟು ಹೊತ್ತು? ಏನು ಕೈಕೊಟ್ಟಿತು? ಸರಿಯಾಯಿತೆಂದು ಹೇಗೆ ಗೊತ್ತಾಯಿತು?

ನಮ್ಮ ವಿದ್ಯಾರ್ಥಿನಿಯ ಉತ್ತರಗಳು ಹೀಗಿವೆ ಎಂದಿಟ್ಟುಕೊಳ್ಳಿ. ಸೆನ್ಸರ್ ಓದುವ ಕೋಡು ಆಕೆಯದು. ಬೋರ್ಡು ಐದು ನಿಮಿಷಕ್ಕೊಮ್ಮೆ ತೇವದ ಅಳತೆಯನ್ನು ಕಳಿಸಬೇಕಿತ್ತು. ವೈಫೈ ಇಲ್ಲದೆ ಎಲ್ಲ ಸರಿ, ವೈಫೈ ಚಾಲೂ ಮಾಡಿದೊಡನೆ ಅಳತೆ ಬರುವುದು ನಿಂತುಹೋಗುತ್ತಿತ್ತು. ಎರಡು ದಿನ ಸೆನ್ಸರನ್ನೇ ಬೈದುಕೊಂಡು, ಇನ್ನೊಂದು ತಂದು ಹಾಕಿದರೂ ಅದೇ ಕತೆ. ಕೊನೆಗೆ ಡೇಟಾಶೀಟ್ ನೋಡಿದಾಗ ಕಾರಣ ಸಿಕ್ಕಿತು. ಇಎಸ್‌ಪಿ32ರಲ್ಲಿ ಅನಲಾಗ್ ಓದುವ ಪಿನ್‌ಗಳು ಎರಡು ಗುಂಪಾಗಿವೆ, ಎಡಿಸಿ1 ಮತ್ತು ಎಡಿಸಿ2. ಎರಡನೆಯ ಗುಂಪನ್ನು ವೈಫೈ ತಾನೇ ಬಳಸಿಕೊಳ್ಳುತ್ತದೆ. ಆಕೆ ಸೆನ್ಸರನ್ನು ಜೋಡಿಸಿದ್ದು 4ನೇ ಪಿನ್ನಿಗೆ, ಅದು ಎಡಿಸಿ2 ಗುಂಪಿನದು. 34ನೇ ಪಿನ್ನಿಗೆ ಬದಲಿಸಿದ ಮೇಲೆ ಸರಿಹೋಯಿತು. ಆಮೇಲೆ ಮೂರು ದಿನ ಬಿಡದೆ ಓಡಿಸಿದರು. ಐದು ನಿಮಿಷಕ್ಕೊಂದರಂತೆ ದಿನಕ್ಕೆ 288, ಮೂರು ದಿನಕ್ಕೆ 864 ಅಳತೆ ಬರಬೇಕಿತ್ತು, ಬಂದದ್ದು 853. ತಪ್ಪಿಹೋದ 11 ಕೂಡ ಹಾಸ್ಟೆಲಿನ ವೈಫೈ ಬಿದ್ದುಹೋದ ಹೊತ್ತಿನವು.

ಈಗ ಸಾಲು ತಾನಾಗಿ ಬರುತ್ತದೆ:

‘ನಾಲ್ವರ ತಂಡದಲ್ಲಿ ಸೆನ್ಸರ್ ಓದುವ ಫರ್ಮ್‌ವೇರ್ ಬರೆದೆ (ಇಎಸ್‌ಪಿ32, ಸಿ++). ವೈಫೈ ಚಾಲೂ ಆದಾಗ ಅಳತೆ ನಿಲ್ಲುತ್ತಿದ್ದುದರ ಕಾರಣ ಎಡಿಸಿ2 ಪಿನ್ ಎಂದು ಪತ್ತೆಹಚ್ಚಿ ಎಡಿಸಿ1ಕ್ಕೆ ಬದಲಿಸಿದೆ. 72 ಗಂಟೆಯ ಪರೀಕ್ಷೆಯಲ್ಲಿ 864 ಅಳತೆಗಳ ಪೈಕಿ 853 ದಾಖಲಾದವು.’

ರೈತರ ಉದ್ಧಾರದ ಮಾತು ಹೋಯಿತು, 40% ಹೋಯಿತು. ಓದುವ ಎಂಜಿನಿಯರಿಗೆ ಕಾಣುವುದೇನು? ಈ ಹುಡುಗಿ ದೋಷ ಹುಡುಕಬಲ್ಲಳು, ಡೇಟಾಶೀಟ್ ತೆರೆಯುತ್ತಾಳೆ, ಸರಿಯಾಯಿತೋ ಇಲ್ಲವೋ ಎಂದು ಎಣಿಸಿ ನೋಡುತ್ತಾಳೆ. ಸಂದರ್ಶನದ ಮೊದಲ ಪ್ರಶ್ನೆಯೂ ಬಹುತೇಕ ಇಲ್ಲಿಂದಲೇ ಬರುತ್ತದೆ: ‘ಆ 11 ಏಕೆ ತಪ್ಪಿದವು?’ ಉತ್ತರ ಆಕೆಯ ನಾಲಿಗೆಯ ತುದಿಯಲ್ಲಿದೆ. 853 ಎಂಬ ಅಂಕಿ 100% ಎಂಬುದಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ, ಏಕೆಂದರೆ ಸುಳ್ಳು ಹೇಳುವವರು ಗುಂಡುಗುಂಡಾದ ಅಂಕಿಯನ್ನೇ ಆರಿಸಿಕೊಳ್ಳುತ್ತಾರೆ.

ಬಿ.ಕಾಂ. ಮುಗಿಸಿದವರಿಗೂ ಇದೇ ದಾರಿ. ‘ಆಡಿಟರ್ ಕಚೇರಿಯಲ್ಲಿ ಇಂಟರ್ನ್‌ಶಿಪ್, ಜಿಎಸ್‌ಟಿ ಕಲಿತೆ’ ಎಂಬುದರಿಂದ ಏನೂ ತಿಳಿಯದು. ‘ಮೂರು ಗಿರಾಕಿಗಳ ಖರೀದಿ ರಿಜಿಸ್ಟರನ್ನು ಪ್ರತಿ ತಿಂಗಳು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಹೊಂದದ ಬಿಲ್ಲುಗಳ ಪಟ್ಟಿ ಮಾಡಿದೆ, ಹೆಚ್ಚಿನವು ಜಿಎಸ್‌ಟಿಐಎನ್ ತಪ್ಪಾಗಿ ನಮೂದಾದವು’ ಎಂದು ಬರೆದರೆ, ಕೆಲಸ ಕೊಡುವವರಿಗೆ ಸೋಮವಾರ ಬೆಳಿಗ್ಗೆ ಈ ಅಭ್ಯರ್ಥಿಯ ಮೇಜಿನ ಮೇಲೆ ಏನಿಡಬಹುದು ಎಂದು ತಕ್ಷಣ ಹೊಳೆಯುತ್ತದೆ.

ಪ್ರಾಜೆಕ್ಟನ್ನು ಹಣ ಕೊಟ್ಟು ತಂದವರಿಗೆ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಅವರು ಅದನ್ನು ಶೀರ್ಷಿಕೆಯಷ್ಟಕ್ಕೆ ಬಿಟ್ಟು, ಎರಡು ವಾರ ಕೂತು ಸಣ್ಣದೊಂದನ್ನು ಸ್ವತಃ ಮಾಡಿ ಅದರ ಸಾಲು ಬರೆಯುವುದು ಮೇಲು.

ಸ್ಲೈಡ್ 2: ಒಂದು ಹುದ್ದೆಗೆ ಒಂದು ಪ್ರತಿ

ಅದೇ ವಿದ್ಯಾರ್ಥಿನಿ ಎಂಬೆಡೆಡ್ ಕೆಲಸಕ್ಕೂ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೂ ಅರ್ಜಿ ಹಾಕುತ್ತಾಳೆ. ಎರಡಕ್ಕೂ ಒಂದೇ ಫೈಲು ಕಳಿಸಿದರೆ ಎರಡೂ ಕಡೆ ಅರೆಬರೆ ಕಾಣುತ್ತಾಳೆ. ಹೊಸದಾಗಿ ಏನನ್ನೂ ಸೇರಿಸಬೇಕಿಲ್ಲ, ಯಾವುದು ಮುಂದೆ ಬರುತ್ತದೆ ಎಂಬುದು ಬದಲಾದರೆ ಸಾಕು. ಎಂಬೆಡೆಡ್ ಪ್ರತಿಯಲ್ಲಿ ಮೇಲಿನ ಪಿನ್ನಿನ ಸಾಲು ಮೊದಲು. ಟೆಸ್ಟಿಂಗ್ ಪ್ರತಿಯಲ್ಲಿ 72 ಗಂಟೆಯ ಪರೀಕ್ಷೆ ಮೊದಲು: ನಿರೀಕ್ಷೆ ಎಷ್ಟು, ಬಂದದ್ದೆಷ್ಟು, ತಪ್ಪಿದ್ದನ್ನು ವೈಫೈ ದಾಖಲೆಯ ಜೊತೆ ಹೊಂದಿಸಿ ನೋಡಿದ್ದು. ಕೆಲಸ ಒಂದೇ, ಹಿಡಿದ ತುದಿ ಬೇರೆ.

ಜಾಹೀರಾತಿನ ಪದಗಳನ್ನು ಅಲ್ಲಿರುವ ಹಾಗೆಯೇ ಬಳಸುವುದು ಮುಂದಿನ ಹೆಜ್ಜೆ. ನೌಕ್ರಿಯಂಥ ತಾಣಗಳಲ್ಲಿ ನೇಮಕ ಮಾಡುವವರು ಪದ ಹಾಕಿ ಹುಡುಕುತ್ತಾರೆ, ಆಮೇಲೆ ಪಾಸಾದ ವರ್ಷ, ಊರು ಎಂದು ಸೋಸುತ್ತಾರೆ. ಜಾಹೀರಾತಿನಲ್ಲಿ ‘ಟೆಸ್ಟ್ ಕೇಸ್’ ಎಂದಿದ್ದು, ನೀವು ‘ಗುಣಮಟ್ಟ ಪರಿಶೀಲನೆ’ ಎಂಬ ಅರ್ಥದ ಬೇರೆ ಪದ ಹಾಕಿದ್ದರೆ ಹುಡುಕಾಟದಲ್ಲಿ ಸಿಗದೇ ಹೋಗಬಹುದು. ಸಂಕ್ಷಿಪ್ತ ರೂಪ ಮತ್ತು ಪೂರ್ತಿ ಹೆಸರು ಎರಡೂ ಇರುವ ಪದವಾದರೆ ಎರಡನ್ನೂ ಒಂದೊಂದು ಸಲ ಬರೆಯಿರಿ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಪದಗಳನ್ನು ಬಚ್ಚಿಡುವ ಉಪಾಯ ಮಾತ್ರ ಬೇಡ. ಫೈಲಿನಿಂದ ಪಠ್ಯವನ್ನು ತೆಗೆದೊಡನೆ ಅವೆಲ್ಲ ಕಪ್ಪಕ್ಷರವಾಗಿ ಎದುರಿಗೆ ಬರುತ್ತವೆ, ಮುಖಭಂಗ ಖಚಿತ.

ಸ್ಕಿಲ್ಸ್ ಪಟ್ಟಿಗೆ ಒಂದೇ ನಿಯಮ: ಇಲ್ಲಿ ಬಂದ ಪ್ರತಿ ಹೆಸರೂ ಕೆಳಗೆ ಒಂದು ಪ್ರಾಜೆಕ್ಟಿನಲ್ಲೋ ಇಂಟರ್ನ್‌ಶಿಪ್ಪಿನಲ್ಲೋ ಮತ್ತೆ ಕಾಣಬೇಕು. ಕಾಣದಿದ್ದರೆ ತೆಗೆಯಿರಿ. ಸಿ, ಸಿ++, ಜಾವಾ, ಪೈಥಾನ್, ಮ್ಯಾಟ್‌ಲ್ಯಾಬ್, ಎಂದು 14 ಹೆಸರಿದ್ದ ಪಟ್ಟಿ ಈ ಜರಡಿಯಲ್ಲಿ ಆರಕ್ಕೆ ಇಳಿಯುವುದು ಮಾಮೂಲು. ಅಳುಕು ಬೇಡ. ಒಂದನೇ ಸೆಮಿಸ್ಟರಿನ ಲ್ಯಾಬಿನಲ್ಲಿ ಬಿಟ್ಟುಬಂದ ಭಾಷೆಯ ಹೆಸರು ಪಟ್ಟಿಯಲ್ಲಿದ್ದರೆ ಪ್ರಶ್ನೆ ಅದರ ಮೇಲೇ ಬಂದೀತು. ಪೈಥಾನಿಗೆ ಐದರಲ್ಲಿ ನಾಲ್ಕು ನಕ್ಷತ್ರ, ಸಿ ಭಾಷೆಗೆ 80% ತುಂಬಿದ ಬಾರ್ ಎಂಬ ಚಿತ್ರಗಳಿಗೂ ಅರ್ಥವಿಲ್ಲ, ಆ ನಕ್ಷತ್ರ ಕೊಟ್ಟವರು ನೀವೇ ತಾನೆ.

ಸ್ಲೈಡ್ 3: ಅಂಕ, ವರ್ಷ, ಬ್ಯಾಕ್‌ಲಾಗ್

ಇಲ್ಲಿ ಬರವಣಿಗೆಯ ಜಾಣ್ಮೆಗೆ ಕೆಲಸವಿಲ್ಲ, ನಿಖರತೆಗಿದೆ. ಡಿಗ್ರಿ, ಪಾಸಾದ ವರ್ಷ, ಸಿಜಿಪಿಎ, ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿ ಶೇಕಡಾವಾರು, ಇಷ್ಟು ಮೂರು ಸಾಲಿನಲ್ಲಿ ಮುಗಿಯಬೇಕು. ಎಸ್ಸೆಸ್ಸೆಲ್ಸಿ 625ಕ್ಕೆ, ಪಿಯುಸಿ 600ಕ್ಕೆ. ಭಾಗಿಸುವಾಗ ಎರಡೂ ಅದಲುಬದಲಾಗದಂತೆ ನೋಡಿಕೊಳ್ಳಿ.

ಎಡವುವುದು ಸಿಜಿಪಿಎಯನ್ನು ಶೇಕಡಾಕ್ಕೆ ಇಳಿಸುವಾಗ. ಹತ್ತರಿಂದ ಗುಣಿಸಿದರೆ ಆಯಿತು ಎಂದು ಹಲವರ ಎಣಿಕೆ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ, ಒಂದೇ ಕಡೆ ಸ್ಕೀಮಿನಿಂದ ಸ್ಕೀಮಿಗೆ ಸೂತ್ರ ಬದಲಾಗಬಹುದು. ವಿಟಿಯುವಿನ 2015 ಮತ್ತು 2017ರ ಸ್ಕೀಮ್‌ಗಳಲ್ಲಿ 0.75 ಕಳೆದು ಹತ್ತರಿಂದ ಗುಣಿಸುವ ಕ್ರಮವಿತ್ತು. ಅದರಂತೆ 6.5 ಸಿಜಿಪಿಎ ಎಂದರೆ 57.5%, ಸುಮ್ಮನೆ ಗುಣಿಸಿದರೆ 65%. ಹಲವು ಕಂಪನಿಗಳ ಗೆರೆ 60ಕ್ಕೆ ಇರುವುದರಿಂದ ಈ ಏಳೂವರೆ ಅಂಕ ಗೆರೆಯ ಆಚೆಗೂ ಈಚೆಗೂ ಆಗಿಬಿಡುತ್ತದೆ. ಗೊತ್ತಿಲ್ಲದೆ ಹೆಚ್ಚು ಬರೆದರೂ, ಆಫರ್ ಬಂದ ಮೇಲೆ ಮಾರ್ಕ್ಸ್ ಕಾರ್ಡ್ ತಾಳೆ ನೋಡುವಾಗ ಅದು ಸುಳ್ಳು ಮಾಹಿತಿಯಾಗಿಯೇ ಕಾಣುತ್ತದೆ. ಆದ್ದರಿಂದ ರೆಸ್ಯೂಮೆಯಲ್ಲಿ ಸಿಜಿಪಿಎಯನ್ನು ಕಾರ್ಡಿನಲ್ಲಿದ್ದಂತೆಯೇ ಕೊಡಿ, ಶೇಕಡಾ ಕೇಳಿದ ಕಡೆ ನಿಮ್ಮ ಸ್ಕೀಮಿನ ಸೂತ್ರ ಹಚ್ಚಿ. 59.6 ಅನ್ನು 60 ಮಾಡಬೇಡಿ.

ಬ್ಯಾಕ್‌ಲಾಗ್ ಇದ್ದು ಪಾಸಾಗಿದ್ದರೆ ‘ಈಗ ಬಾಕಿ ಯಾವುದೂ ಇಲ್ಲ’ ಎಂಬ ಒಂದು ತುಣುಕು ಸಾಕು. ಕತೆ ಹೇಳುವ ಅಗತ್ಯವಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಕ್ಯಾಂಪಸ್ಸಿಗೆ ಬಂದು ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಕಂಪನಿಗಳಲ್ಲಿ ಈ ಏಳು ಸ್ಲೈಡುಗಳ ಸರದಿ ಬದಲಾಗುತ್ತದೆ. ಅಲ್ಲಿ ಪ್ಲೇಸ್‌ಮೆಂಟ್ ಸೆಲ್‌ನ ಎಕ್ಸೆಲ್ ಹಾಳೆಯೇ ಮೊದಲ ಜರಡಿ, ಆಮೇಲೆ ಆನ್‌ಲೈನ್ ಪರೀಕ್ಷೆ. ರೆಸ್ಯೂಮೆಯನ್ನು ಯಾರಾದರೂ ತೆರೆಯುವುದು ಸಂದರ್ಶನದ ಕೋಣೆಯಲ್ಲೇ. ಹಾಗಾಗಿ ಅಲ್ಲಿ ಮೂರನೆಯ ಸ್ಲೈಡ್ ಮೊದಲಿಗೆ ಬರಬೇಕು, ಎರಡನೆಯದಕ್ಕೆ ಹೆಚ್ಚು ಕೆಲಸವಿಲ್ಲ. ಕ್ಯಾಂಪಸ್ ಹೊರಗೆ ಸ್ವಂತ ಅರ್ಜಿ ಹಾಕುವವರಿಗೆ ಮಾತ್ರ ಇಲ್ಲಿ ಕೊಟ್ಟ ಸರದಿ ಪೂರ್ತಿ ಹೊಂದುತ್ತದೆ.

ಸ್ಲೈಡ್ 4: ಫೈಲನ್ನು ಯಂತ್ರ ಓದಬಲ್ಲದೆ?

‘ಎಟಿಎಸ್ ನಿಮ್ಮನ್ನು ತಿರಸ್ಕರಿಸುತ್ತದೆ’ ಎಂದು ಹೆದರಿಸುವ ಸ್ಲೈಡುಗಳು ಬಹಳ. ಎಟಿಎಸ್ ಎಂಬುದು ಅರ್ಜಿಗಳನ್ನು ಜೋಡಿಸಿಡುವ, ಹುಡುಕಲು ಅನುವು ಮಾಡಿಕೊಡುವ ತಂತ್ರಾಂಶ. ತಾನಾಗಿ ಹೊರಗಿಡುವುದು ಹೆಚ್ಚಾಗಿ ನೀವು ಫಾರ್ಮಿನಲ್ಲಿ ತುಂಬಿದ ಉತ್ತರಗಳ ಮೇಲೆ, ಉದಾಹರಣೆಗೆ ಪಾಸಾದ ವರ್ಷ ಹೊಂದದಿದ್ದರೆ. ಆದರೆ ಫೈಲಿನಿಂದ ಪಠ್ಯ ಸರಿಯಾಗಿ ಹೊರಬರದಿದ್ದರೆ ಹುಡುಕಾಟದಲ್ಲಿ ನೀವು ಸಿಗುವುದಿಲ್ಲ ಎಂಬುದು ನಿಜ.

ಪರೀಕ್ಷೆಗೆ ಎರಡು ನಿಮಿಷ ಸಾಕು. ಪಿಡಿಎಫ್ ತೆರೆದು Ctrl+A, Ctrl+C ಒತ್ತಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಲಿನಕ್ಸ್ ಬಳಸುವವರಿಗೆ ಇದು:

```
pdftotext resume.pdf -
```

ಬಂದ ಪಠ್ಯವನ್ನು ಮೇಲಿನಿಂದ ಓದಿ. ಎರಡು ಕಾಲಮ್ಮಿನ ಟೆಂಪ್ಲೇಟ್ ಆಗಿದ್ದರೆ ಎಡಗಡೆಯ ಫೋನ್ ನಂಬರು ಬಲಗಡೆಯ ಪ್ರಾಜೆಕ್ಟ್ ಸಾಲಿನ ನಡುವೆ ನುಗ್ಗಿರಬಹುದು. ಏನೂ ಬರದಿದ್ದರೆ ಇಡೀ ಪುಟ ಚಿತ್ರವಾಗಿದೆ ಎಂದರ್ಥ. ಇನ್ನೊಂದು ಕಣ್ಣಿಗೆ ಬೀಳದ ತೊಂದರೆ ಇದೆ: ಕೆಲವು ಫಾಂಟುಗಳಲ್ಲಿ `f` ಮತ್ತು `i` ಅಂಟಿಕೊಂಡು ಒಂದೇ ಅಕ್ಷರವಾಗಿ ಹೊರಬರುತ್ತವೆ. ನೋಟ್‌ಪ್ಯಾಡಿನಲ್ಲಿ `firmware` ಎಂದು ಹುಡುಕಿ ನೋಡಿ. ಕಣ್ಣಿಗೆ ಕಾಣುತ್ತಿದ್ದೂ ಹುಡುಕಾಟಕ್ಕೆ ಸಿಗದಿದ್ದರೆ ಇದೇ ಕಾರಣ. ಫಾಂಟ್ ಬದಲಿಸಿ, ವರ್ಡ್ ಅಥವಾ ಗೂಗಲ್ ಡಾಕ್ಸ್‌ನಲ್ಲಿ ಒಂದೇ ಕಾಲಮ್ಮಿನಲ್ಲಿ ಮಾಡಿ, ಪಿಡಿಎಫ್ ತೆಗೆದು ಮತ್ತೊಮ್ಮೆ ಇದೇ ಪರೀಕ್ಷೆ ಮಾಡಿ.

ಸ್ಲೈಡ್ 5: ತೆಗೆದುಹಾಕಿ

ಒಂದು ಪುಟಕ್ಕೆ ಇಳಿಸಬೇಕಾದದ್ದು ಜಾಗ ಸಾಲದೆ ಮೊದಲ ಸ್ಲೈಡಿನ ಸಾಲುಗಳು ಎರಡನೇ ಪುಟಕ್ಕೆ ಜಾರುತ್ತವೆ ಎಂಬ ಕಾರಣಕ್ಕೆ. ಕೊನೆಯಲ್ಲಿರುವ ‘ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’, ಸ್ಥಳ, ದಿನಾಂಕ, ಸಹಿ ಇವೆಲ್ಲ ಸೇರಿ ನಾಲ್ಕೈದು ಸಾಲು ನುಂಗುತ್ತವೆ. ‘ಸವಾಲಿನ ಹುದ್ದೆಯಲ್ಲಿ ಸಂಸ್ಥೆಯ ಜೊತೆ ಬೆಳೆಯಬೇಕೆಂಬ ಗುರಿ’ ಎಂಬ ಆಬ್ಜೆಕ್ಟಿವ್ ಇನ್ನು ಮೂರು ಸಾಲು. ಇವೆರಡನ್ನು ತೆಗೆದರೇ ಒಂದು ಪ್ರಾಜೆಕ್ಟಿಗೆ ಜಾಗವಾಯಿತು. ತಂದೆಯ ಹೆಸರು, ಜನ್ಮದಿನಾಂಕ, ವಿವಾಹ ಸ್ಥಿತಿ, ಮನೆಯ ಪೂರ್ತಿ ವಿಳಾಸ ಬೇಡ, ಊರಿನ ಹೆಸರು ಸಾಕು. ಆಧಾರ್ ಸಂಖ್ಯೆಯನ್ನಂತೂ ಯಾರ ಕೈಗೋ ಹೋಗುವ ಕಾಗದದ ಮೇಲೆ ಹಾಕಲೇಬಾರದು. ಅರ್ಧ ದಿನದ ವರ್ಕ್‌ಶಾಪುಗಳ ಪ್ರಮಾಣಪತ್ರಗಳಲ್ಲಿ, ಕಲಿತದ್ದನ್ನು ಪ್ರಾಜೆಕ್ಟಿನಲ್ಲಿ ಬಳಸಿದವನ್ನಷ್ಟೇ ಉಳಿಸಿ. ಸರ್ಕಾರಿ ಅರ್ಜಿಗಳ ಮಾತು ಬೇರೆ, ಅಲ್ಲಿ ಅವರು ಕೊಟ್ಟ ನಮೂನೆಯೇ ಅಂತಿಮ.

ಸ್ಲೈಡ್ 6 ಮತ್ತು 7

ಆರನೆಯದು ಲಿಂಕ್ ಮತ್ತು ಸಂಪರ್ಕ. ಪ್ರತಿ ಲಿಂಕನ್ನೂ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಗೂಗಲ್ ಡ್ರೈವ್ ಲಿಂಕ್ ನಿಮಗೆ ತೆರೆದುಕೊಳ್ಳುತ್ತದೆ, ಬೇರೆಯವರಿಗೆ ‘ಅನುಮತಿ ಕೇಳಿ’ ಎನ್ನುತ್ತದೆ. ಅನುಮತಿ ಕೇಳಿ ಕಾಯುವ ವ್ಯವಧಾನ ಯಾವ ಎಚ್‌ಆರ್‌ಗೂ ಇರುವುದಿಲ್ಲ. ಗಿಟ್‌ಹಬ್ ಕೊಡುವುದಾದರೆ ಪ್ರೊಫೈಲಿನ ಬದಲು ಆ ಪ್ರಾಜೆಕ್ಟಿನ ರೆಪಾಸಿಟರಿಗೇ ಲಿಂಕ್ ಕೊಡಿ, ಅದರ `README.md` ನಲ್ಲಿ ಓಡಿಸುವ ವಿಧಾನ ಐದು ಸಾಲಿನಲ್ಲಿರಲಿ. ವೈಫೈ ಪಾಸ್‌ವರ್ಡ್ ಕೋಡಿನೊಳಗೇ ಉಳಿದಿದೆಯೇ ಎಂದೂ ನೋಡಿ. ಇಎಸ್‌ಪಿ32 ಪ್ರಾಜೆಕ್ಟುಗಳಲ್ಲಿ ಅದು ಉಳಿದಿರುವುದೇ ಹೆಚ್ಚು. ಈಗ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಇದ್ದೇ ಇರುತ್ತದೆ, ಆದ್ದರಿಂದ ಪಾಸ್‌ವರ್ಡನ್ನೇ ಬದಲಿಸಬೇಕು. ಕಾಲೇಜಿನ ಇಮೇಲ್ ವಿಳಾಸ ಪದವಿ ಮುಗಿದ ಕೆಲವು ತಿಂಗಳಿಗೆ ಮುಚ್ಚಿಹೋಗಬಹುದು, ಸ್ವಂತದ್ದನ್ನು ಕೊಡಿ.

ಏಳನೆಯದು ಫಾಂಟ್. 10 ಅಥವಾ 11 ಪಾಯಿಂಟ್, ಸುತ್ತ ಒಂದೂವರೆಯಿಂದ ಎರಡು ಸೆಂಟಿಮೀಟರ್ ಅಂಚು, ಕಪ್ಪಕ್ಷರ. ಫೈಲಿಗೆ `resume_final_new(2).pdf` ಎಂಬ ಹೆಸರಿದ್ದರೆ ಬದಲಿಸಿ, ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇರಲಿ. ಎರಡು ಪ್ರತಿ ಮಾಡಿಕೊಂಡಿದ್ದರೆ, ಟೆಸ್ಟಿಂಗ್ ಕಂಪನಿಗೆ ಎಂಬೆಡೆಡ್ ಫೈಲು ಹೋಗದಂತೆ ತಡೆಯುವುದೂ ಆ ಹೆಸರೇ.